ಒಂದು ಬದಿ ಮಸುಕಾದರೆ ಟೋನರ್ ಖಾಲಿಯೇ?

ಸಹಕಾರ ಸಂಘದ ವಾರ್ಷಿಕ ಸಭೆಯ ನೋಟಿಸು ಅಚ್ಚಾಗುತ್ತಿದೆ ಎಂದುಕೊಳ್ಳಿ. ಎಡಗಡೆಯ ಅಕ್ಷರಗಳು ಕಪ್ಪಗೆ ಅಚ್ಚುಕಟ್ಟಾಗಿವೆ. ಬಲಕ್ಕೆ ಹೋದಂತೆ ಬಣ್ಣ ಇಳಿಯುತ್ತಾ ಹೋಗಿ, ಪ್ರತಿ ಸಾಲಿನ ಕೊನೆಯ ಪದವನ್ನು ಊಹಿಸಿಯೇ ಓದಬೇಕು. ಗುಮಾಸ್ತರು ರೀಫಿಲ್ ಅಂಗಡಿಗೆ ಫೋನ್ ಮಾಡುತ್ತಾರೆ. "ಖಾಲಿ ಆಗಿರತ್ತೆ ಸಾರ್, ತಂದುಬಿಡಿ" ಎಂಬ ಉತ್ತರ ಬರುತ್ತದೆ. ಅಂಗಡಿಯವನು ಪುಟ ನೋಡಿಲ್ಲ, ನೋಡಿದ್ದರೆ ಒಂದು ಪ್ರಶ್ನೆ ಕೇಳುತ್ತಿದ್ದ: ಅಲುಗಾಡಿಸಿ ನೋಡಿದ್ರಾ?

ನಮ್ಮ ಕಚೇರಿ, ಶಾಲೆ, ಜೆರಾಕ್ಸ್ ಅಂಗಡಿಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಯಂತ್ರಗಳು ಇವತ್ತಿಗೂ ದುಡಿಯುತ್ತಿವೆ. ಮೊದಲನೆಯದಕ್ಕೆ 12ಎ, ಎರಡನೆಯದಕ್ಕೆ 303 ಎಂಬ ಕಾರ್ಟ್ರಿಜ್. ಹೆಸರು ಬೇರೆಯಾದರೂ ಒಡಲು ಒಂದೇ ಮಾದರಿಯದು. ಹಾಗಾಗಿ ಹೊರಗಿನ ಕಂಪನಿಗಳು ಮಾರುವ ಕಾರ್ಟ್ರಿಜ್‌ನ ಡಬ್ಬದ ಮೇಲೆ ಎರಡೂ ಹೆಸರು ಒಟ್ಟಿಗೇ ಇರುತ್ತವೆ. ಒಳಗೆ ಹಿಡಿಯುವ ಪುಡಿ ಸುಮಾರು 100 ಗ್ರಾಂ. ಪುಟದ ನೂರರಲ್ಲಿ ಐದು ಭಾಗ ಮಾತ್ರ ಕಪ್ಪಾಗುವ ಲೆಕ್ಕದಲ್ಲಿ 2000 ಪುಟ ಬರುತ್ತದೆಂದು ಕಂಪನಿ ಹೇಳುತ್ತದೆ. ಈ ಕಾರ್ಟ್ರಿಜ್ ಇನ್ನೆಷ್ಟು ಉಳಿದಿದೆ ಎಂದು ಪರದೆಯ ಮೇಲೆ ಶೇಕಡಾವಾರು ಹೇಳುವ ಜಾತಿಯದಲ್ಲ. ಅಚ್ಚಾಗಿ ಬಂದ ಪುಟವನ್ನು ನೋಡಿಯೇ ತಿಳಿಯಬೇಕು.

ಪುಡಿ ತುಂಬಿದ ತೊಟ್ಟಿ ಕಾರ್ಟ್ರಿಜ್‌ನ ಉದ್ದಕ್ಕೂ ಚಾಚಿಕೊಂಡಿರುತ್ತದೆ. ಅದರೊಳಗೆ ತಿರುಗುವ ಕಲಕು ಪಟ್ಟಿ ಪುಡಿಯನ್ನು ಕಾಂತದ ರೋಲರ್ ಕಡೆಗೆ ತಳ್ಳುತ್ತದೆ, ರೋಲರ್ ಅದನ್ನು ಡ್ರಮ್ಮಿಗೆ ಕೊಡುತ್ತದೆ. ಪಟ್ಟಿ ಪುಡಿಯನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ಎಡದಿಂದ ಬಲಕ್ಕೆ ಅಷ್ಟಾಗಿ ಸರಿಸುವುದಿಲ್ಲ. ತೊಟ್ಟಿ ತುಂಬಿರುವಾಗ ಇದು ಗೊತ್ತೇ ಆಗುವುದಿಲ್ಲ. ಪುಡಿ ಕಡಿಮೆಯಾಗುತ್ತಾ ಬಂದಾಗ, ಮೇಜು ಒಂದು ಕಡೆ ವಾಲಿದ್ದರೆ ಅಥವಾ ಪುಟದ ಒಂದೇ ಅಂಚಿನಲ್ಲಿ ದಪ್ಪ ಲಾಂಛನ, ಕಪ್ಪು ಪಟ್ಟಿ ಇರುವ ಅರ್ಜಿಯನ್ನೇ ದಿನವೂ ತೆಗೆಯುತ್ತಿದ್ದರೆ, ಒಂದು ಬದಿಯ ಪುಡಿ ಮೊದಲು ತೀರುತ್ತದೆ. ಇನ್ನೊಂದು ಬದಿಯಲ್ಲಿ ಪುಡಿ ಹಾಗೇ ಕೂತಿರುತ್ತದೆ.

ಅಲುಗಾಡಿಸುವ ಮೊದಲು ಒಂದು ಪರೀಕ್ಷಾ ಪುಟ ಮಾಡಿಟ್ಟುಕೊಳ್ಳಿ. ವರ್ಡ್‌ನಲ್ಲಿ ಪುಟದ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಾಲಿನ ಟೇಬಲ್ ಹಾಕಿ, ಅದಕ್ಕೆ ಬೂದು ಬಣ್ಣ ತುಂಬಿದರೆ ಸಾಕು. ಅಕ್ಷರಗಳಲ್ಲಿ ಕಣ್ತಪ್ಪುವ ಮಸುಕು ಬೂದು ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಪುಟ ಪೂರ್ತಿ ಒಂದೇ ಸಮ ತಿಳಿಯಾಗಿದ್ದರೆ ಟೋನರ್ ಉಳಿಸುವ ಎಕಾನಮಿ ಮೋಡ್ ಆನ್ ಆಗಿದೆಯೇ ಎಂದು ಮೊದಲು ನೋಡಿ. ಆ ಸೆಟ್ಟಿಂಗ್ ಒಂದು ಬದಿಯನ್ನು ಮಾತ್ರ ಮಸುಕು ಮಾಡುವುದಿಲ್ಲ.

ಈಗ ಪ್ರಿಂಟರ್ ಆಫ್ ಮಾಡಿ, ಮುಚ್ಚಳ ತೆರೆದು ಕಾರ್ಟ್ರಿಜ್ ಹೊರತೆಗೆಯಿರಿ. ಒಳಗೆ ಕಾಗದದ ಮೇಲೆ ಪುಡಿಯನ್ನು ಕರಗಿಸಿ ಅಂಟಿಸುವ ಫ್ಯೂಸರ್ ಭಾಗ ಸುಡುತ್ತಿರುತ್ತದೆ, ಅಲ್ಲಿ ಕೈ ಹಾಕಬೇಡಿ. ಕಾರ್ಟ್ರಿಜ್‌ನ ಎರಡೂ ತುದಿ ಹಿಡಿದು, ನೆಲಕ್ಕೆ ಸಮನಾಗಿ, ಕೆಳಗೊಂದು ಹಳೇ ಪತ್ರಿಕೆ ಹಾಸಿಕೊಂಡು, ಮೆಲ್ಲಗೆ ಐದಾರು ಸಲ ತೂಗಿ. ಮೊದಲು ಹಿಂದೆ ಮುಂದೆ, ಆಮೇಲೆ ಒಂದು ತುದಿ ತುಸು ಕೆಳಗೆ, ಇನ್ನೊಂದು ಮೇಲೆ. ಬದಿಯಿಂದ ಬದಿಗೆ ಪುಡಿ ಹರಿಯಬೇಕಾದ್ದರಿಂದ ಈ ಎರಡನೆಯದು ಮುಖ್ಯ. ಪುಡಿ ಸರಿಯುವುದು ಕೈಗೆ ತಿಳಿಯುತ್ತದೆ. ಸಿರಪ್ ಬಾಟಲಿಯ ಹಾಗೆ ಜೋರಾಗಿ ಕುಲುಕಬೇಡಿ, ತಲೆಕೆಳಗೂ ಮಾಡಬೇಡಿ. ರೀಫಿಲ್ ಆದ ಕಾರ್ಟ್ರಿಜ್ ಆಗಿದ್ದರೆ ಅಂಚುಗಳಿಂದ ಕಪ್ಪು ಪುಡಿ ಉದುರುವುದು ಖಂಡಿತ. ಡ್ರಮ್ಮಿನ ಮೇಲಿನ ರಕ್ಷಾಫಲಕವನ್ನು ಸರಿಸಬೇಡಿ, ಅದರ ಹೊಳೆಯುವ ಮೈಯನ್ನು ಮುಟ್ಟಲೂ ಬೇಡಿ. ಕಾರ್ಟ್ರಿಜ್ ಸ್ವಲ್ಪ ಹೊತ್ತು ಹೊರಗಿರಬೇಕಾದರೆ ಬಟ್ಟೆ ಮುಚ್ಚಿಡಿ, ಬೆಳಕಿಗೆ ಡ್ರಮ್ ಕೆಡುತ್ತದೆ. ಪುಡಿ ಬಟ್ಟೆಗೆ ಬಿದ್ದರೆ ಒಣಬಟ್ಟೆಯಿಂದ ಕೊಡವಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ತಾಗಿದರೆ ಆ ಪ್ಲಾಸ್ಟಿಕ್ ಪುಡಿ ಬಟ್ಟೆಗೇ ಅಂಟಿ ಕೂರುತ್ತದೆ.

ಮತ್ತೆ ಕೂರಿಸುವುದರಲ್ಲಿ ಆತುರ ಬೇಡ. ಎರಡು ಬದಿಯ ಕಿವಿಗಳು ಯಂತ್ರದೊಳಗಿನ ಜಾಡಿನಲ್ಲಿ ಜಾರಿ, ಕೊನೆಗೆ ಗಟ್ಟಿಯಾಗಿ ಕೂರಬೇಕು. ಒಂದು ತುದಿ ಅರೆಬರೆ ಕೂತರೆ, ಆ ಬದಿಯಲ್ಲಿ ಗಿಯರ್ ಆಗಲಿ ವಿದ್ಯುತ್ ಮುಟ್ಟುವ ಲೋಹದ ತುಂಡಾಗಲಿ ಸರಿಯಾಗಿ ತಾಗದೆ ಮಸುಕು ಬರಬಹುದು. ಎಷ್ಟೋ ಸಲ ಅಲುಗಾಡಿಸಿದ್ದರಿಂದ ಸರಿಹೋಯಿತು ಎಂದುಕೊಂಡದ್ದು ನಿಜವಾಗಿ ತೆಗೆದು ಹಾಕಿದ್ದರಿಂದ ಸರಿಹೋಗಿರುತ್ತದೆ.

ಈಗ ಪರೀಕ್ಷಾ ಪುಟ ತೆಗೆಯಿರಿ. ನಮ್ಮ ಸಂಘದ ನೋಟಿಸಿನ ಬಲಬದಿ ಕಪ್ಪಾಗಿ ಬಂತು ಎನ್ನಿ. ಹಾಗಾದರೆ ಪುಡಿ ಒಂದು ಕಡೆ ಸರಿದಿತ್ತು ಅಥವಾ ಕಾರ್ಟ್ರಿಜ್ ಸರಿಯಾಗಿ ಕೂತಿರಲಿಲ್ಲ. ಉಳಿದ ಪ್ರತಿಗಳನ್ನು ಧೈರ್ಯವಾಗಿ ತೆಗೆಯಬಹುದು. ಮೇಜಿನ ಕಾಲಿಗೆ ಒಂದು ರಟ್ಟು ಕೊಟ್ಟು ಯಂತ್ರವನ್ನು ಸಮ ಮಾಡಿದರೆ ತೊಂದರೆ ಬೇಗ ಮರುಕಳಿಸುವುದಿಲ್ಲ.

ಅಲುಗಾಡಿಸಿದರೂ ಬಲಬದಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದೆ, ಎಡಬದಿ ಎಂದಿನಂತೆ ಕಪ್ಪಾಗಿಯೇ ಇದ್ದರೆ ಖಾಲಿಯಾಗಿದೆ ಎನ್ನುವುದಕ್ಕೆ ಆಧಾರವಿಲ್ಲ. ಆಗ ಪಕ್ಕದ ಕಚೇರಿಯ ಒಳ್ಳೆಯ ಕಾರ್ಟ್ರಿಜ್ ಒಂದನ್ನು ಎರವಲು ತಂದು ಹಾಕಿ. ಅದರಲ್ಲೂ ಅದೇ ಜಾಗ ಮಸುಕಾದರೆ ದೋಷ ಯಂತ್ರದ್ದು: ಲೇಸರ್ ಹಾದುಬರುವ ಗಾಜಿನ ಮೇಲೆ ಧೂಳು ಕೂತಿರಬಹುದು, ಕಾಗದದ ಕೆಳಗಿನ ಟ್ರಾನ್ಸ್‌ಫರ್ ರೋಲರ್ ಸವೆದಿರಬಹುದು. ಅದು ಮೆಕ್ಯಾನಿಕ್ ಕೆಲಸ. ಎರವಲಿನದು ಚೆನ್ನಾಗಿ ಬಂದರೆ ದೋಷ ನಿಮ್ಮ ಕಾರ್ಟ್ರಿಜ್‌ನದು, ಅದೂ ರೀಫಿಲ್ ಆಗಿ ಬಂದ ದಿನದಿಂದಲೇ ಶುರುವಾಗಿದ್ದರೆ ಜೋಡಣೆಯನ್ನೇ ಅನುಮಾನಿಸಿ. 12ಎ ಎರಡು ಹೋಳುಗಳ ಜೋಡಣೆ. ಕಾಂತದ ರೋಲರ್ ಡ್ರಮ್ಮಿನ ಪಕ್ಕದಲ್ಲಿ ಉದ್ದಕ್ಕೂ ಒಂದೇ ಅಂತರದಲ್ಲಿ ನಿಲ್ಲಬೇಕು. ಬಿಚ್ಚಿ ಜೋಡಿಸುವಾಗ ಒಂದು ಬದಿಯ ಪಿನ್ನೋ ಸ್ಪ್ರಿಂಗೋ ತಪ್ಪಿದರೆ ಆ ಬದಿಯಲ್ಲಿ ಪುಡಿ ಸರಿಯಾಗಿ ದಾಟುವುದಿಲ್ಲ. ಇದಕ್ಕೆ ಇನ್ನೊಂದು ರೀಫಿಲ್ ಪರಿಹಾರವಲ್ಲ. ಅದೇ ಅಂಗಡಿಗೆ ಹೋಗಿ, ಬಿಚ್ಚಿ ಸರಿ ಮಾಡಿಕೊಡು ಎಂದು ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ನಿಜವಾಗಿ ಖಾಲಿಯಾದದ್ದು ಹೇಗೆ ತಿಳಿಯುತ್ತದೆ? ಅಲುಗಾಡಿಸಿದ ಮೇಲೆ ಕಪ್ಪು ಬರುತ್ತದೆ, ಆದರೆ ನಿಲ್ಲುವುದಿಲ್ಲ. ಮೊದಲ ಸಲ ಹಲವು ಹತ್ತು ಪುಟ ಚೆನ್ನಾಗಿ ಬಂದರೆ, ಮುಂದಿನ ಸಲ ಅದರ ಕಾಲುಭಾಗವೂ ಬರುವುದಿಲ್ಲ. ಅದರ ಮುಂದಿನ ಸಲ ನಾಲ್ಕಾರು ಪುಟಕ್ಕೇ ಬಿಳಿ ಪಟ್ಟೆ ಮೂಡುತ್ತದೆ. ಮಸುಕು ಒಂದು ಬದಿಗೇ ನಿಲ್ಲದೆ ಪುಟದುದ್ದಕ್ಕೂ ಹರಡುತ್ತದೆ, ತೂಗಿದಾಗ ಕೈಗೆ ಪುಡಿ ಸರಿದ ಅನುಭವವೇ ಆಗುವುದಿಲ್ಲ. ಇವೆಲ್ಲ ಒಟ್ಟಿಗೆ ಕಂಡರೆ ಖಾಲಿಯಾಗಿದೆ ಎಂದು ನಂಬಬಹುದು.

ತೂಕ ನೋಡಿ ತೀರ್ಮಾನಿಸಲು ಹೋಗಬೇಡಿ. ಡ್ರಮ್ಮಿನಿಂದ ಕಾಗದಕ್ಕೆ ದಾಟದೆ ಉಳಿದ ಪುಡಿಯನ್ನು ಒಂದು ರಬ್ಬರ್ ಬ್ಲೇಡ್ ಕೆರೆದು, ಕಾರ್ಟ್ರಿಜ್‌ನೊಳಗಿನ ಕಸದ ಗೂಡಿಗೆ ತುಂಬುತ್ತದೆ. ಆ ಪುಡಿ ಮತ್ತೆ ಅಚ್ಚಿಗೆ ಬರುವುದಿಲ್ಲ, ತೂಕ ಮಾತ್ರ ಉಳಿಯುತ್ತದೆ. ಎರಡು ಮೂರು ರೀಫಿಲ್ ಆದರೂ ಗೂಡನ್ನು ಖಾಲಿ ಮಾಡದಿದ್ದರೆ ಅದು ತುಂಬಿ ತುಳುಕಿ, ಕಾಗದದ ಮೇಲೆ ಕಪ್ಪು ಚುಕ್ಕೆ, ಗೀರು ಬರತೊಡಗುತ್ತವೆ. ಆದ್ದರಿಂದ ಮುಂದಿನ ಸಲ ರೀಫಿಲ್‌ಗೆ ಕೊಡುವಾಗ ವೇಸ್ಟ್ ಟೋನರ್ ಖಾಲಿ ಮಾಡಿ ಎಂದು ಬಾಯಿಬಿಟ್ಟು ಹೇಳಿ, ವಾಪಸು ತರುವ ಮೊದಲು ಅಂಗಡಿಯಲ್ಲೇ ಬೂದು ಪಟ್ಟಿಯ ಪುಟವೊಂದನ್ನು ತೆಗೆಸಿ ನೋಡಿ.