ಕಂತು ತಪ್ಪುವ ಮುಂಚೆ

ಭದ್ರಾವತಿಯ ಒಬ್ಬ ಅಕ್ಕ ಫೈನಾನ್ಸ್ ಕಂಪನಿಯಿಂದ ಗುಂಪಿನ ಸಾಲ ತಗೊಂಡಿದ್ದಾರೆ ಅನ್ನೋಣ. ವಾರಕ್ಕೆ 600 ರೂಪಾಯಿ ಕಂತು. ಗಂಡನಿಗೆ ಕಾಯಿಲೆ. ಕೂಲಿ ಇಲ್ಲ. ಈಗ ಏನು ಮಾಡಬೇಕು?

ಕಂತಿನ ದಿನಕ್ಕೆ ಮುಂಚೆಯೇ ಶಿವಮೊಗ್ಗದ ಶಾಖೆಗೆ ಹೋಗಬೇಕು. "ಈಗ ವಾರಕ್ಕೆ 300 ಕಟ್ಟುತ್ತೇನೆ, ಅವಧಿ ಹೆಚ್ಚಿಸಿ" ಅಂತ ಅರ್ಜಿ ಕೊಡಬೇಕು. ಅರ್ಜಿಯ ನಕಲಿಗೆ ಸೀಲು ಹಾಕಿಸಿಕೊಳ್ಳಬೇಕು. ಅವಧಿ ಹೆಚ್ಚಿದರೆ ಬಡ್ಡಿಯೂ ಹೆಚ್ಚುತ್ತದೆ. ಎಷ್ಟು ಅಂತ ಕೇಳಬೇಕು. ಕಟ್ಟಿದ ಹಣಕ್ಕೆ ರಸೀದಿ ಪಡೆಯಬೇಕು.

ಇಂಥ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಬೆದರಿಸುವುದು, ರೇಷನ್ ಕಾರ್ಡು ಕಿತ್ತುಕೊಳ್ಳುವುದು 2025ರ ಕರ್ನಾಟಕ ಕಾಯ್ದೆಯಂತೆ ಅಪರಾಧ. ಹಾಗಾದರೆ ನಾವು 112ಕ್ಕೆ ಫೋನ್ ಮಾಡೋಣ. ಠಾಣೆಯಲ್ಲಿ ದೂರು ಕೊಡೋಣ.

ಆದರೆ ಕಾಯ್ದೆ ತಡೆಯುವುದು ಕಿರುಕುಳವನ್ನು. ನೋಂದಾಯಿತ ಕಂಪನಿಯ ಸಾಲವನ್ನು ನಾವು ತೀರಿಸಲೇಬೇಕು.