ಆರು ಜಿಬಿಯ ಲೆಕ್ಕ

64 ಜಿಬಿಯ ಆಂಡ್ರಾಯ್ಡ್ ಫೋನೊಂದರ ಸ್ಟೋರೇಜ್ ಪುಟದ ಸ್ಕ್ರೀನ್‌ಶಾಟ್ ಹೀಗಿದೆ: ಆ್ಯಪ್‌ಗಳು 21, ವಿಡಿಯೊ 15, ಫೋಟೊ 9, ಸಿಸ್ಟಂ 13, ಇತರೆ 2. ಒಟ್ಟು 60, ಉಳಿದಿರುವುದು 4 ಜಿಬಿ. 10 ಜಿಬಿ ಖಾಲಿ ಬೇಕೆಂದರೆ ತೆಗೆಯಬೇಕಾದ್ದು 6 ಮಾತ್ರ.

ಸಿಸ್ಟಂ ಪಾಲನ್ನು ಬಳಕೆದಾರ ಮುಟ್ಟುವಂತಿಲ್ಲ. ಕ್ಯಾಶ್ ಅಳಿಸಿದರೆ ಜಾಗ ಸಿಗುತ್ತದೆ, ಆದರೆ ಆ್ಯಪ್ ಬಳಸಿದಂತೆ ಅದು ಮತ್ತೆ ತುಂಬಿಕೊಳ್ಳುವುದರಿಂದ ಲೆಕ್ಕಕ್ಕೆ ಹಿಡಿಯದಿರುವುದೇ ಮೇಲು. ಕೈ ಹಾಕಬೇಕಾದ್ದು ವಿಡಿಯೊಗೆ: ನೂರಾರು ಫೋಟೊ ಹೆಕ್ಕುವ ಬದಲು ಕೆಲವೇ ದೊಡ್ಡ ಕಡತ ಸಾಕು. ವಾಟ್ಸ್ಆ್ಯಪ್‌ನ Manage storage ಪುಟ ಭಾರಿ ಕಡತಗಳನ್ನೇ ಮುಂದಿಡುತ್ತದೆ. ಅಲ್ಲಿ 4 ಜಿಬಿ, ಆಡದ ಗೇಮೊಂದರಿಂದ 2 ಜಿಬಿ ಹೋದರೆ ಗುರಿ ಮುಟ್ಟಿತು.

ಅಳಿಸಿದರೂ ಅಂಕಿ ಕದಲದಿದ್ದರೆ ಗ್ಯಾಲರಿಯ ಟ್ರ್ಯಾಶ್ ನೋಡಬೇಕು. ಅದನ್ನು ಖಾಲಿ ಮಾಡುವತನಕ ವಿಡಿಯೊಗಳು ಫೋನಿನಲ್ಲೇ ಇರುತ್ತವೆ.