ಮುಗಿಸಿಕೊಟ್ಟ ಕೆಲಸ, ಬಾರದ ಹಣ, ಒಂದು ನೋಟಿಸು

‘ಲಾಯರ್ ನೋಟಿಸ್ ಕಳಿಸ್ತೀನಿ’ ಎನ್ನುವ ಮಾತಿಗೆ ಇರುವ ಗುಡುಗು ಎಷ್ಟೋ ಸಲ ಆ ನೋಟಿಸಿಗೇ ಇರುವುದಿಲ್ಲ. ಕೆಂಪು ಅಕ್ಷರ, ದಪ್ಪ ಅಡಿಗೆರೆ, ಕೊನೆಯಲ್ಲಿ ಪೊಲೀಸ್ ಠಾಣೆಯ ಪ್ರಸ್ತಾಪ, ಇಷ್ಟಿದ್ದರೆ ಎದುರಾಳಿ ನಡುಗುತ್ತಾನೆ ಎಂದು ನಂಬಿದವರು ಬಹಳ. ಆದರೆ ಸಣ್ಣ ಕಂಪನಿಯ ಮಾಲೀಕನೂ ಈಗ ನೋಟಿಸನ್ನು ನೇರ ತನ್ನ ವಕೀಲರ ಮೇಜಿಗೆ ದಾಟಿಸುತ್ತಾನೆ. ಆ ವಕೀಲರು ಬೆದರಿಕೆಯನ್ನು ಬಿಟ್ಟು ತಾರೀಖು, ಮೊತ್ತ, ದಾಖಲೆಗಳನ್ನು ಓದುತ್ತಾರೆ. ಮುಂದೆ ಪ್ರಕರಣ ಕೋರ್ಟಿಗೆ ಹೋದರೆ ನ್ಯಾಯಾಧೀಶರು ಓದುವುದೂ ಅದನ್ನೇ.

ಒಂದು ಕಲ್ಪಿತ ಪ್ರಕರಣವನ್ನು ಎತ್ತಿಕೊಳ್ಳೋಣ. ಮೈಸೂರಿನ ಒಬ್ಬ ಫ್ರೀಲಾನ್ಸ್ ಡಿಸೈನರ್ ಹುಬ್ಬಳ್ಳಿಯ ಮಸಾಲೆ ಪುಡಿ ಕಂಪನಿಗೆ ಎಂಟು ಪೊಟ್ಟಣಗಳ ವಿನ್ಯಾಸ ಮಾಡಿಕೊಟ್ಟರು. ಒಪ್ಪಿದ ಶುಲ್ಕ 1,20,000 ರೂಪಾಯಿ, ಮುಂಗಡ ಬಂದದ್ದು 40,000. 2025ರ ಮಾರ್ಚ್ 10ರಂದು ಮುದ್ರಣಕ್ಕೆ ಸಿದ್ಧವಾದ ಕೊನೆಯ ಫೈಲುಗಳೂ ಇನ್‌ವಾಯ್ಸೂ ಇಮೇಲಿನಲ್ಲಿ ಹೋದವು. 15 ದಿನದಲ್ಲಿ ಪಾವತಿ ಎಂದು ಇನ್‌ವಾಯ್ಸಿನಲ್ಲೇ ಇತ್ತು. ಆಮೇಲೆ ಬಂದದ್ದು ಮಾಮೂಲಿ ಉತ್ತರಗಳು: ಪಾರ್ಟ್ನರ್ ಊರಲ್ಲಿಲ್ಲ, ಜಿಎಸ್‌ಟಿ ಕಟ್ಟಬೇಕಿತ್ತು, ಹಬ್ಬ ಮುಗೀಲಿ. ನವೆಂಬರಿನ ಹೊತ್ತಿಗೆ ಉತ್ತರ ಬರುವುದೇ ನಿಂತಿತು.

ಖಾಸಗಿ ಕಂಪನಿಯ ಮೇಲೆ ಇಂಥ ವಸೂಲಿ ದಾವೆ ಹಾಕುವ ಮೊದಲು ನೋಟಿಸ್ ಕೊಡಲೇಬೇಕೆಂಬ ಸಾಮಾನ್ಯ ನಿಯಮವಿಲ್ಲ. ಹಾಗೆ ಕಡ್ಡಾಯವಿರುವುದು ಸರ್ಕಾರದ ವಿರುದ್ಧ ದಾವೆ ಹೂಡುವಾಗ. ಕೊಡುವುದಾದರೆ ವಕೀಲರ ಮೂಲಕವೇ ಕೊಡಬೇಕೆಂದೂ ಇಲ್ಲ. ನಾವೇ ಬರೆದು ಸಹಿ ಹಾಕಬಹುದು, ಕನ್ನಡದಲ್ಲೂ ಬರೆಯಬಹುದು. ಹಾಗಿದ್ದರೂ ಕೊಡುವುದೇಕೆಂದರೆ, ನಮ್ಮ ಲೆಕ್ಕವನ್ನು ಎದುರಾಳಿಯ ಮುಂದಿಟ್ಟು ‘ಒಪ್ಪು ಅಥವಾ ಅಲ್ಲಗಳೆ’ ಎಂದು ಕೇಳಿದ ಮೊದಲ ದಾಖಲೆ ಅದು.

ಆದ್ದರಿಂದ ಲೆಕ್ಕ ಸರಿಯಿರಬೇಕು. ನಮ್ಮ ಡಿಸೈನರ್ ಎಡವುವ ಸಾಧ್ಯತೆ ಇರುವುದು ಇಲ್ಲೇ. 1,20,000ದಲ್ಲಿ 40,000 ಕಳೆದರೆ 80,000, ಅಷ್ಟನ್ನೇ ಕೇಳಿಬಿಡುವುದು ಸಹಜ. ಆದರೆ ನೋಟಿಸಿಗೆ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ ತೆರೆದು ನೋಡಬೇಕು. ಕಂಪನಿಯ ಲೆಕ್ಕಿಗರು ಪೂರ್ತಿ ಶುಲ್ಕಕ್ಕೆ ಶೇ. 10ರಂತೆ 12,000 ರೂಪಾಯಿ ಟಿಡಿಎಸ್ ಕಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಕೈಗೆ ಬರಬೇಕಾದದ್ದು 68,000 ಮಾತ್ರ. 80,000 ಕೇಳಿದರೆ ‘ಕಟ್ಟಿದ ತೆರಿಗೆಯನ್ನೂ ಮತ್ತೆ ಕೇಳುತ್ತಿದ್ದಾರೆ’ ಎಂದು ಉತ್ತರ ಶುರುವಾಗುತ್ತದೆ. ಅದೇ 26ಎಎಸ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ‘ಕೆಲಸವೇ ಆಗಿಲ್ಲ’ ಎಂದು ಈಗ ಹೇಳುವ ಕಂಪನಿ, ಈ ವ್ಯಕ್ತಿಗೆ 1,20,000 ರೂಪಾಯಿ ಸಲ್ಲಬೇಕೆಂದು ತೆರಿಗೆ ಇಲಾಖೆಗೆ ಆಗಲೇ ತೋರಿಸಿದೆ. ಸಾಲವನ್ನು ಸಾಬೀತುಪಡಿಸಲು ಅದೊಂದೇ ಸಾಲದು, ಆದರೆ ಅದಕ್ಕೆ ಉತ್ತರ ಹೊಂದಿಸುವುದು ಕಷ್ಟ.

ಇನ್ನು ಕೆಲಸ ಒಪ್ಪಿಗೆಯಾಗಿದೆ ಎನ್ನುವುದಕ್ಕೆ ಪುರಾವೆ. ಇಮೇಲು, ವಾಟ್ಸ್ಯಾಪ್‌ನ ‘ಓಕೆ, ಪ್ರಿಂಟಿಗೆ ಕಳಿಸಿ’ ಎಂಬ ಸಂದೇಶ ಇವೆಲ್ಲ ಬೇಕೇ ಬೇಕು. ಸ್ಕ್ರೀನ್‌ಶಾಟ್ ತೆಗೆದುಕೊಂಡು ಮೂಲ ಚಾಟ್ ಅಳಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ, ಫೋನೂ ಬೇಕಾಗಬಹುದು. ಆದರೆ ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಆ ವಿನ್ಯಾಸವಿರುವ ಒಂದು ಸಾಂಬಾರ್ ಪುಡಿ ಪೊಟ್ಟಣ ಕೊಂಡು, ಬಿಲ್ ಹಾಕಿಸಿಕೊಂಡು, ಒಡೆಯದೆ ಇಟ್ಟುಕೊಳ್ಳಿ. ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ ಮಾರ್ಚ್ 10ರ ಆಚೆಯದಾಗಿದ್ದರೆ, ಇಷ್ಟವಾಗದ ವಿನ್ಯಾಸವನ್ನು ಛಾಪಿಸಿ ಮಾರಿದ್ದೇಕೆ ಎಂಬ ಪ್ರಶ್ನೆಗೆ ಕಂಪನಿಯೇ ಉತ್ತರಿಸಬೇಕಾಗುತ್ತದೆ. ಕರಾರು ಪತ್ರವಿಲ್ಲದವರಿಗೂ ಇದು ಆಸರೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಬೇಕೆಂದು 1872ರ ಕರಾರು ಕಾಯ್ದೆಯ ಸೆಕ್ಷನ್ 70 ಹೇಳುತ್ತದೆ.

ನೋಟಿಸಿನ ಮುಖ್ಯ ಪ್ಯಾರಾ ಹೆಚ್ಚುಕಡಿಮೆ ಹೀಗಿದ್ದರೆ ಸಾಕು: ‘ತಾವು ಒಪ್ಪಿ ಬಳಕೆಗೆ ತಂದಿರುವ ಸದರಿ ಕೆಲಸದ ಬಾಬ್ತು ಬಾಕಿ ರೂ. 68,000ವನ್ನು ಈ ನೋಟಿಸ್ ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ನೋಟಿಸಿನ ದಿನಾಂಕದಿಂದ ಪಾವತಿಯಾಗುವವರೆಗೆ ವಾರ್ಷಿಕ ಶೇ. 18ರ ಬಡ್ಡಿ ಸಹಿತ ವಸೂಲಿಗೆ ದಾವೆ ಹೂಡಲಾಗುವುದು.’ ಇಲ್ಲಿ 15 ದಿನ ಎನ್ನುವುದು ರೂಢಿ ಅಷ್ಟೇ. ಬಡ್ಡಿಯ ಸಾಲು ಮಾತ್ರ ಅಲಂಕಾರಕ್ಕಲ್ಲ. ಪಾವತಿಯ ದಿನಾಂಕ ಲಿಖಿತ ಕರಾರಿನಲ್ಲಿ ನಿಗದಿಯಾಗಿಲ್ಲದಿದ್ದರೆ, ಬಡ್ಡಿ ಕೇಳುತ್ತೇವೆಂದು ಬರೆದು ತಿಳಿಸಿದ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆ ಕೋರ್ಟಿಗೆ ಅಧಿಕಾರ ಕೊಡುತ್ತದೆ. ಆ ಸಾಲನ್ನು ಬಿಟ್ಟರೆ ಅಷ್ಟು ತಿಂಗಳ ಬಡ್ಡಿ ಕೈಬಿಟ್ಟುಹೋಗಬಹುದು. ಹಾಗೆಂದು 18 ಬರೆದರೆ 18 ಸಿಕ್ಕೇಬಿಡುತ್ತದೆ ಎಂದಲ್ಲ. ಕರಾರಿನಲ್ಲಿ ದರ ಇಲ್ಲದಿದ್ದರೆ ಅದು ಕೋರ್ಟಿನ ವಿವೇಚನೆ.

ಉದ್ಯಮ್ ನೋಂದಣಿಯನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಂಡವರ ನೋಟಿಸಿಗೆ ಬೇರೆಯೇ ಬಲ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ, ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ ಕೆಲಸ ಒಪ್ಪಿಗೆಯಾದಂತೆ. ‘ಬಣ್ಣ ಸರಿಯಿಲ್ಲ’ ಎಂದು ಎಂಟು ತಿಂಗಳ ಮೇಲೆ ನೆನಪಾದರೆ ನಡೆಯುವುದಿಲ್ಲ. ಪಾವತಿ ಗಡುವನ್ನು ಕರಾರಿನಲ್ಲೂ 45 ದಿನಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರನ್ನು ಕೆಲಸ ಮಾಡಿಕೊಟ್ಟವರ ಊರಿನ ವ್ಯಾಪ್ತಿಯ ಫೆಸಿಲಿಟೇಶನ್ ಕೌನ್ಸಿಲ್‌ಗೆ ಕೊಡಬಹುದಾದ್ದರಿಂದ ಮೈಸೂರಿನವರು ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ಕೆಲಸ ಮುಗಿದ ಮೇಲೆ, ಹಣ ನಿಂತ ಮೇಲೆ ಅವಸರದಲ್ಲಿ ನೋಂದಣಿ ಮಾಡಿಸಿದರೆ ಈ ಅನುಕೂಲವನ್ನು ನೆಚ್ಚಿಕೊಳ್ಳಲಾಗದು.

ಬರೆಯಬಾರದ್ದೂ ಇದೆ. ಹಣ ಕೊಡದಿದ್ದರೆ ಕ್ರಿಮಿನಲ್ ಕೇಸ್ ಎನ್ನುವುದು ಬರೀ ಬಾಕಿಯ ವಿಷಯದಲ್ಲಿ ಪೊಳ್ಳು ಬೆದರಿಕೆ. ‘ದಿವಾಳಿ ಅರ್ಜಿ ಹಾಕುತ್ತೇನೆ’ ಎಂಬುದೂ ಅಷ್ಟೇ, ಕಂಪನಿಯ ಮೇಲೆ ಅದಕ್ಕೆ ಕನಿಷ್ಠ ಒಂದು ಕೋಟಿ ರೂಪಾಯಿ ಬಾಕಿ ಬೇಕು. ಕಾಪಿರೈಟ್ ಅಸ್ತ್ರ ಸ್ವಲ್ಪ ಸೂಕ್ಷ್ಮ. ಉದ್ಯೋಗಿಯಲ್ಲದ ಡಿಸೈನರ್ ರಚಿಸಿದ ವಿನ್ಯಾಸದ ಹಕ್ಕು ಸಹಿ ಮಾಡಿದ ಬರಹದಲ್ಲಿ ವರ್ಗಾವಣೆಯಾಗದೆ ಸಾಮಾನ್ಯವಾಗಿ ಕೈಬದಲಾಗುವುದಿಲ್ಲ. ಆದರೆ ಮುಂಗಡ ಪಡೆದು ಮುದ್ರಣಕ್ಕೆಂದೇ ಫೈಲು ಕೊಟ್ಟವರು ‘ಎಲ್ಲ ಪೊಟ್ಟಣ ಹಿಂದಕ್ಕೆ ತೆಗೆಯಿರಿ’ ಎಂದರೆ, ಬಳಸಲು ನೀವೇ ಅನುಮತಿ ಕೊಟ್ಟಿರಲ್ಲ ಎಂಬ ವಾದ ಎದುರಾಗುತ್ತದೆ. ಪೂರ್ತಿ ಹಣ ಬಂದ ಮೇಲಷ್ಟೇ ಹಕ್ಕು ಎಂಬ ಸಾಲು ಕೊಟೇಶನ್ನಿನಲ್ಲಿ ಇದ್ದವರಷ್ಟೇ ಇದನ್ನು ಧೈರ್ಯವಾಗಿ ಎತ್ತಬಹುದು.

ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ ಪುರಾವೆ ಸಿಗುವ ಹಾಗೆ ಕಳಿಸಿ, ಪ್ರತಿಯನ್ನು ಇಮೇಲ್ ಮಾಡಿ. ಸರಿಯಾದ ವಿಳಾಸಕ್ಕೆ ಹೋದದ್ದನ್ನು ‘ನಿರಾಕರಿಸಲಾಗಿದೆ’ ಎಂಬ ಷರಾದೊಡನೆ ಹಿಂದಿರುಗಿಸಿದರೂ ಕೋರ್ಟು ಅದನ್ನು ತಲುಪಿದ್ದೆಂದೇ ಎಣಿಸುತ್ತದೆ. ಆ ಲಕೋಟೆಯನ್ನು ಒಡೆಯದೆ ಜೋಪಾನ ಮಾಡಿ. ಉತ್ತರ ಬಂದರೆ ಗಮನವಿಟ್ಟು ಓದಿ. ‘ಬಾಕಿ ಇರುವುದು 50,000 ಮಾತ್ರ’ ಎಂದು ಅವರು ಸಹಿ ಹಾಕಿದ್ದರೆ ಅಷ್ಟರ ಮಟ್ಟಿಗೆ ಜಗಳ ಮುಗಿಯಿತು, ಇನ್ನು ವಾದ ಉಳಿದ 18,000ಕ್ಕೆ. ದಾವೆಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್ತಿಗೂ ಹೋಗಬಹುದು. ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ.

ಒಂದನ್ನು ಮಾತ್ರ ಮರೆಯಬೇಡಿ. ಎಷ್ಟು ನೋಟಿಸ್ ಕಳಿಸಿದರೂ ಕಾಲಮಿತಿಯ ಗಡಿಯಾರ ನಿಲ್ಲುವುದಿಲ್ಲ. ಕಂಪನಿ ಬಾಕಿಯನ್ನು ಬರೆದು ಸಹಿ ಹಾಕಿ ಒಪ್ಪದಿದ್ದರೆ, 2025ರ ಮಾರ್ಚ್ 25ಕ್ಕೆ ಸಲ್ಲಬೇಕಿದ್ದ ಈ ಹಣಕ್ಕೆ 2028ರ ಮಾರ್ಚ್ 25ರೊಳಗೆ ದಾವೆ ದಾಖಲಾಗಬೇಕು.